ಹಬ್ಬದ ಬ್ಲೌಸ್: ಎಷ್ಟು ದಿನ ಮುಂಚೆ ಕೊಡಬೇಕು, ಯಾವ ಬಟ್ಟೆಗೆ ಯಾವ ಡಿಸೈನ್

ಆಷಾಢದಲ್ಲಿ ನಮ್ಮ ಅಂಗಡಿಗೆ ಬಂದು ನೋಡಿ, ಕೂತು ಕಾಫಿ ಕುಡಿದು ಮಾತಾಡುವಷ್ಟು ಬಿಡುವಿರುತ್ತದೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಟೈಲರ್‌ಗಳು ಹಳೇ ಆಲ್ಟರೇಷನ್ ಮುಗಿಸಿಕೊಂಡು ಇರುತ್ತಾರೆ. ಭೀಮನ ಅಮಾವಾಸ್ಯೆ ಕಳೆದ ಮಾರನೇ ದಿನದಿಂದ ಅದೇ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಜಾಗ ಇರಲ್ಲ. ಎಲ್ಲರದೂ ಒಂದೇ ಮಾತು, "ವರಮಹಾಲಕ್ಷ್ಮಿ ಹಬ್ಬಕ್ಕೆ ಬೇಕು."

ಆ ಹಬ್ಬ ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಬರುತ್ತದೆ. 2025ರಲ್ಲಿ ಭೀಮನ ಅಮಾವಾಸ್ಯೆ ಜುಲೈ 24ಕ್ಕೆ, ವರಮಹಾಲಕ್ಷ್ಮಿ ಆಗಸ್ಟ್ 8ಕ್ಕೆ. ನಡುವೆ ಎರಡೇ ವಾರ. 2023ರ ಹಾಗೆ ಅಧಿಕ ಶ್ರಾವಣ ಬಂದರೆ ಬೇರೆ ಮಾತು, ಇಲ್ಲದಿದ್ದರೆ ಯಾವ ವರ್ಷವೂ ಇದಕ್ಕಿಂತ ಜಾಸ್ತಿ ಸಮಯ ಸಿಗಲ್ಲ, ಕೆಲವು ವರ್ಷ ಇನ್ನೂ ಕಡಿಮೆ. ಅಲ್ಲಿಂದ ಗೌರಿ ಹಬ್ಬಕ್ಕೆ ಎರಡೂವರೆ ಮೂರು ವಾರ, ಆಮೇಲೆ ದಸರಾ, ದೀಪಾವಳಿ. ಆದ್ದರಿಂದ ಆಷಾಢದ ಡಿಸ್ಕೌಂಟ್‌ನಲ್ಲಿ ಸೀರೆ ತಗೊಂಡವರು ಅದನ್ನು ಬೀರುವಿನಲ್ಲಿಟ್ಟು ಶ್ರಾವಣ ಬರಲಿ ಅಂತ ಕಾಯಬೇಡಿ. ಆಷಾಢದಲ್ಲಿ ಹೊಸ ಬಟ್ಟೆ ಉಡಬಾರದು ಅನ್ನುವವರ ಮನೆಯಲ್ಲೂ ಹೊಲಿಯೋಕೆ ಕೊಡಬಾರದು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ದಿನಗಳು ಎಲ್ಲಿ ಹೋಗುತ್ತವೆ

"ಒಂದು ಬ್ಲೌಸ್‌ಗೆ ಹದಿನೈದು ದಿನಾನಾ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೈ ಪಳಗಿದ ಟೈಲರ್ ಒಂದು ಲೈನಿಂಗ್ ಬ್ಲೌಸನ್ನು ಎರಡು ಮೂರು ಗಂಟೆಯಲ್ಲಿ ಹೊಲಿಯುತ್ತಾರೆ. ಅಂದರೆ ಮಷಿನ್ ಮೇಲೆ ನಿಮ್ಮ ಬಟ್ಟೆ ಇರೋದು ಅಷ್ಟೇ ಹೊತ್ತು. ಉಳಿದ ದಿನಗಳು ಸರದಿಗೆ, ಲೈನಿಂಗ್ ನೆನೆಸಿ ಒಣಗಿಸೋಕೆ, ಆರಿ ವರ್ಕ್ ಅನ್ನೋ ಸೂಜಿ ಕಸೂತಿ ಇದ್ದರೆ ಅದಕ್ಕೆ, ಟ್ರಯಲ್‌ಗೆ, ಕೊನೆಗೆ ಕೈಹೊಲಿಗೆಗೆ ಹೋಗುತ್ತವೆ. ಹೆಮ್ಮಿಂಗ್ ಮತ್ತು ಹುಕ್ ಕೆಲಸವನ್ನು ನಮ್ಮಲ್ಲಿ ಸುತ್ತಮುತ್ತಲ ಮನೆಗಳ ಹೆಂಗಸರು ಮಾಡಿಕೊಡುತ್ತಾರೆ. ಹಬ್ಬ ಅವರ ಮನೆಯಲ್ಲೂ ಇರುತ್ತದಲ್ವಾ, ಹಿಂದಿನ ಎರಡು ದಿನ ಅವರು ಸಿಗಲ್ಲ.

ಮಾಮೂಲಿ ದಿನಗಳಲ್ಲಿ ನಾವು ಸಾದಾ ಲೈನಿಂಗ್ ಬ್ಲೌಸ್‌ಗೆ ಒಂದು ವಾರ ಹೇಳುತ್ತೇವೆ, ಹಬ್ಬದ ಹೊತ್ತಲ್ಲಿ ಎರಡು ವಾರ. ಪ್ರಿನ್ಸೆಸ್ ಕಟ್, ಪ್ಯಾಡ್, ಪೈಪಿಂಗ್, ಹಿಂದೆ ಡೋರಿ ಅಂತ ಸೇರಿದರೆ ಇನ್ನೆರಡು ಮೂರು ದಿನ. ಕತ್ತಿನ ಸುತ್ತ ಒಂದೆರಡು ಸಾಲು ಆರಿ ವರ್ಕ್ ಅಂದರೆ ಕಾರಿಗರು ಒಂದೆರಡು ದಿನ ಕೂರಬೇಕು, ಬೆನ್ನು ತುಂಬ ಜರ್ದೋಸಿ ಮತ್ತು ತೋಳಲ್ಲಿ ಹೂಬಳ್ಳಿ ಅಂದರೆ ವಾರದ ಮೇಲೆ. ಇದು ಕೆಲಸದ ದಿನ ಮಾತ್ರ, ಸರದಿಯ ದಿನ ಬೇರೆ. ನಮ್ಮ ಕಾರಿಗರಲ್ಲಿ ಬಂಗಾಳದ ಕಡೆಯವರಿದ್ದಾರೆ, ಈದ್‌ಗೆ ಊರಿಗೆ ಹೊರಟರೆ ವಾಪಸ್ ಬರೋಕೆ ಎರಡು ಮೂರು ವಾರ. ಆರಿ ವರ್ಕ್ ಕೊಡುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ರೇಟಲ್ಲ, ಕಾರಿಗರು ಊರಲ್ಲಿದ್ದಾರಾ ಅಂತ.

ಹಾಗಾಗಿ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ. ತುಂಬಾ ವರ್ಕ್ ಬೇಕೆಂದರೆ ಒಂದೂವರೆ ತಿಂಗಳು, ಸಣ್ಣ ವರ್ಕ್‌ಗೆ ಮೂರು ವಾರ, ಬರೀ ಕಟ್ ಮತ್ತು ಪೈಪಿಂಗ್‌ಗೆ ಎರಡೂವರೆ ವಾರ. ಒಂದೇ ವಾರ ಉಳಿದಿದೆ ಅಂದರೆ ದುಂಡು ಕತ್ತು, ಅಂಚಿನ ತೋಳು, ಅಷ್ಟಕ್ಕೆ ಒಪ್ಪಿಕೊಳ್ಳಿ. ಅದು ನೆಟ್ಟಗೆ ಕೂತರೆ ಅವಸರದಲ್ಲಿ ಮಾಡಿದ ವರ್ಕ್ ಬ್ಲೌಸ್‌ಗಿಂತ ಚೆನ್ನಾಗೇ ಕಾಣುತ್ತದೆ.

ಫೋಟೋಕ್ಕಿಂತ ಮುಂಚೆ ಬ್ಲೌಸ್ ಪೀಸ್ ನೋಡಿ

ಮೊಬೈಲ್‌ನಲ್ಲಿ ಡಿಸೈನ್ ತೋರಿಸುವ ಮೊದಲು ಸೀರೆ ಬಿಚ್ಚಿ. ಬ್ಲೌಸ್ ಪೀಸ್ ಸಾಮಾನ್ಯವಾಗಿ ಸೆರಗಿಗೆ ಎದುರಿನ ತುದಿಯಲ್ಲಿ, ಅಂದರೆ ಸೊಂಟಕ್ಕೆ ಸಿಕ್ಕಿಸುವ ಕಡೆ ಇರುತ್ತದೆ, ಉದ್ದ ಸುಮಾರು 80 ಸೆಂಟಿಮೀಟರ್. ಅದನ್ನು ಮನೆಯಲ್ಲೇ ಕತ್ತರಿಸಿ ತರಬೇಡಿ. ಎಲ್ಲಿ ಕತ್ತರಿಸಬೇಕು ಅನ್ನೋ ಗೆರೆ ಕೆಲವು ಸೀರೆಗಳಲ್ಲಿ ಸ್ಪಷ್ಟ ಇರಲ್ಲ. ನಾಲ್ಕು ಇಂಚು ಆಚೀಚೆಯಾದರೆ ಒಂದೋ ಸೀರೆ ಗಿಡ್ಡ, ಇಲ್ಲ ತೋಳು ಗಿಡ್ಡ.

ಈಗ ಒಂದು ಆರ್ಡರ್ ಪೂರ್ತಿ ಹೇಳುತ್ತೇನೆ. ಕಡು ಹಸಿರು ಕಂಚಿ ಸೀರೆ, ಒಂದು ಕಡೆ ಐದಿಂಚಿನ ಮರೂನ್ ದೊಡ್ಡ ಅಂಚು, ಇನ್ನೊಂದು ಕಡೆ ಒಂದಿಂಚಿನ ಚಿಕ್ಕ ಅಂಚು. ಉಡುವವರ ಎದೆ ಸುತ್ತಳತೆ 40. ಅವರಿಗೆ ಬೇಕಾದ್ದು ಮೊಣಕೈವರೆಗೆ ತೋಳು, ಎರಡೂ ತೋಳಲ್ಲಿ ದೊಡ್ಡ ಅಂಚು, ಹಿಂದೆ ಪಾಟ್ ನೆಕ್, ಅದರ ಸುತ್ತ ಸ್ವಲ್ಪ ಆರಿ ವರ್ಕ್. ಗೌರಿ ಹಬ್ಬಕ್ಕೆ.

ಮೊದಲನೇ ತೊಡಕು ತೋಳಲ್ಲೇ. ಪೀಸಿನಲ್ಲಿ ದೊಡ್ಡ ಅಂಚು ಓಡೋದು 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು. ಇವರ ತೋಳು ಮೇಲ್ಭಾಗದಲ್ಲಿ, ಹೊಲಿಗೆಗೆ ಬಿಡುವ ಬಟ್ಟೆ ಸೇರಿ, ಹದಿನೇಳೂವರೆ ಇಂಚು ಅಗಲ ಬೇಕು. ಎರಡು ತೋಳು ಅಕ್ಕಪಕ್ಕ ಇಟ್ಟರೆ 35 ಇಂಚು. ಕೂರಲ್ಲ. ಎರಡೂ ಕಡೆ ಒಂದೇ ಅಂಚಿದ್ದಿದ್ದರೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ತೋಳು ತೆಗೆಯಬಹುದಿತ್ತು, ಇಲ್ಲಿ ಅದೂ ಇಲ್ಲ. ಕೆಲವರು ಕಂಕುಳ ಹತ್ತಿರ ತುಂಡು ಜೋಡಿಸಿ ಸರಿ ಮಾಡುತ್ತಾರೆ. ಕೈ ಇಳಿಸಿದಾಗ ಕಾಣಲ್ಲ, ಆರತಿ ಎತ್ತಿದಾಗ ಕಾಣುತ್ತದೆ.

ನಾವು ಮಾಡಿದ್ದು ಬೇರೆ. ಅಂಚನ್ನೇ ಪೂರ್ತಿ ಪಟ್ಟಿಯಾಗಿ ಕತ್ತರಿಸಿ ತೆಗೆದೆವು. ಮೊಣಕೈ ಹತ್ತಿರ ಇವರ ತೋಳಿನ ಸುತ್ತಳತೆ 12, ಹೊಲಿಗೆ ಸೇರಿ ಹದಿಮೂರೂವರೆ, ಎರಡು ತೋಳಿಗೆ 27 ಇಂಚು ಪಟ್ಟಿ ಸಾಕು. ತೋಳನ್ನು ಹಸಿರು ಭಾಗದಲ್ಲಿ ಕತ್ತರಿಸಿ, ಕೆಳಗೆ ಪಟ್ಟಿ ಕೂಡಿಸಿ, ಕೂಡಿಸಿದ ಗೆರೆ ಮೇಲೆ ಸಣ್ಣ ಪೈಪಿಂಗ್ ಕೊಟ್ಟರೆ ಅದು ಡಿಸೈನ್ ಥರಾನೇ ಕಾಣುತ್ತದೆ. ಹುಕ್ ಪಟ್ಟಿ, ಕತ್ತಿನ ಒಳಪಟ್ಟಿ ಎಲ್ಲ ಲೈನಿಂಗ್ ಬಟ್ಟೆಯದೇ. ಇಷ್ಟು ಮಾಡಿದರೂ ಪೀಸಿನಲ್ಲಿ ಅಂಗೈಯಷ್ಟು ಬಟ್ಟೆಯೂ ಉಳಿಯಲಿಲ್ಲ. ಎದೆ 42 ದಾಟಿದವರು, ಅಥವಾ ತೋಳು ಮೊಣಕೈಯಿಂದ ಕೆಳಗೆ ಬೇಕೆನ್ನುವವರು, 80 ಸೆಂಟಿಮೀಟರ್ ನಂಬಬೇಡಿ. ಒಂದು ಮೀಟರ್ ಬೇರೆ ಬಟ್ಟೆ ತಗೊಳ್ಳಿ.

ಪಫ್ ತೋಳು ಕೇಳುವವರಿಗೂ ಇದೇ ಲೆಕ್ಕ. ನೆರಿಗೆ ಹಿಡಿಯೋಕೆ ತೋಳಿನ ಅಗಲ ಒಂದೂವರೆ ಪಟ್ಟಾದರೂ ಬೇಕು, ಸೀರೆ ಜೊತೆ ಬಂದ ಪೀಸಿನಲ್ಲಿ ದಪ್ಪ ಮೈಯವರಿಗೆ ಅದು ಆಗದ ಕೆಲಸ.

ಯಾವ ಬಟ್ಟೆ ಏನು ತಾಳುತ್ತೆ

ಕಂಚಿ ರೇಷ್ಮೆ ಗಟ್ಟಿ ಬಟ್ಟೆ, ಆರಿ ವರ್ಕ್‌ನ ಮಣಿ, ಕಲ್ಲು ಎಲ್ಲ ಹೊರುತ್ತದೆ. ಮೈಸೂರು ಸಿಲ್ಕ್ ಹಾಗಲ್ಲ, ಅದು ಕ್ರೇಪ್, ಮೈಮೇಲೆ ಜಾರಿ ಬೀಳೋದೇ ಅದರ ಚಂದ. ಅದರ ಮೇಲೆ ಭಾರದ ಜರ್ದೋಸಿ ಹಾಕಿದರೆ ಬಟ್ಟೆ ಜಗ್ಗಿ ಕತ್ತಿನ ಸುತ್ತ ಸುಕ್ಕು ಬೀಳುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ಹೋಗಲ್ಲ. ಮೈಸೂರು ಸಿಲ್ಕ್‌ಗೆ ಜರಿ ಅಂಚನ್ನು ತೋಳಿಗೆ ತಂದು, ಕತ್ತಿಗೆ ಬರೀ ಪೈಪಿಂಗ್ ಕೊಟ್ಟು ಬಿಟ್ಟುಬಿಡಿ ಅಂತ ನಾನು ಹೇಳೋದು. ವರ್ಕ್ ಬೇಕೇ ಬೇಕು ಅನ್ನುವವರು ಬ್ಲೌಸನ್ನು ರಾ ಸಿಲ್ಕ್‌ನಲ್ಲಿ ಬೇರೆ ಹೊಲಿಸಿ, ಅಂಚಿನ ಬಣ್ಣಕ್ಕೆ ಹೊಂದಿಸಿ.

ಬ್ರೊಕೇಡ್ ನೋಡೋಕೆ ಭರ್ಜರಿ, ಆದರೆ ಎರಡು ತೊಂದರೆ. ಹಿಂದೆ ಬಿಟ್ಟ ಜರಿ ಎಳೆಗಳು ಕಂಕುಳಲ್ಲಿ ಚುಚ್ಚುತ್ತವೆ, ಮತ್ತೆ ಕತ್ತರಿಸಿದ ಅಂಚಲ್ಲಿ ದಾರ ಬಿಡುತ್ತದೆ. ತೀರಾ ಬಿಗಿಯಾಗಿ ಹೊಲಿಸಿದರೆ ಪಕ್ಕದ ಹೊಲಿಗೆ ಹತ್ತಿರ ಬಟ್ಟೆಯ ಎಳೆಗಳು ಸರಿದು ಸಣ್ಣ ಕಿಂಡಿಗಳ ಥರ ಬಾಯಿ ಬಿಡುತ್ತವೆ. ಇದು ಟೈಲರ್ ತಪ್ಪು ಅಂತ ಜಗಳಕ್ಕೆ ಬರುತ್ತಾರೆ, ಬಟ್ಟೆಯ ಗುಣವೇ ಅದು. ಬ್ರೊಕೇಡ್ ಮತ್ತು ಟಿಶ್ಯೂ ಬ್ಲೌಸ್ ಅರ್ಧ ಇಂಚು ಸಡಿಲ ಇರಲಿ.

ಇಳಕಲ್ ಸೀರೆಗೆ ನನ್ನ ಮತ ಗುಳೇದಗುಡ್ಡದ ಖಣಕ್ಕೆ, ಬೇರೆ ಏನೂ ಬೇಡ. ಖಣದಲ್ಲೇ ಅಂಚು, ಬುಟ್ಟಾ ಎಲ್ಲ ಇರೋದರಿಂದ ವರ್ಕ್ ಹಾಕಿದರೆ ಎರಡೂ ಕೆಡುತ್ತವೆ. ಕಡಿಮೆ ಅಗಲದ ಬಟ್ಟೆ, ಹಾಗಾಗಿ ಎಷ್ಟು ಬೇಕು ಅಂತ ನಿಮ್ಮ ಅಳತೆ ಹೇಳಿಯೇ ತಗೊಳ್ಳಿ. ಆರಿ ವರ್ಕ್‌ಗೆ ಸಮಯ ಇಲ್ಲದವರಿಗೂ ಇದೊಂದು ದಾರಿ, ಬಟ್ಟೆಯಲ್ಲೇ ಹಬ್ಬದ ಕಳೆ ಇರುತ್ತದೆ.

ಬೇರೆ ಬಟ್ಟೆ ಹೊಂದಿಸುವಾಗ ಸೀರೆಯನ್ನೇ ತಗೊಂಡು ಹೋಗಿ, ಫೋಟೋ ಅಲ್ಲ. ಅಂಗಡಿಯ ಬಿಳಿ ಲೈಟಿನಲ್ಲಿ ಒಂದೇ ಅನ್ನಿಸಿದ ಎರಡು ಮರೂನ್‌ಗಳು ಬಿಸಿಲಲ್ಲಿ ಒಂದು ಕಂದು, ಒಂದು ಗುಲಾಬಿ ಆಗಿಬಿಡುತ್ತವೆ. ಬಾಗಿಲ ಹೊರಗೆ ಬಂದು ನೋಡುತ್ತೇನೆ ಅಂದರೆ ಯಾವ ಅಂಗಡಿಯವರೂ ಬೇಡ ಅನ್ನಲ್ಲ.

ಇನ್ನು ಲೈನಿಂಗ್. ಇದು ಒಳಗೆ ಹೋಗೋದು, ಯಾವುದಾದರೂ ಸರಿ ಅಂತ ಬಿಟ್ಟುಬಿಡುತ್ತಾರೆ. ರೇಷ್ಮೆಗೆ ಹತ್ತಿಯ ಲೈನಿಂಗೇ ಇರಲಿ, ಬೆವರು ಹೀರುತ್ತದೆ. ಆದರೆ ಹತ್ತಿ ನೀರಿಗೆ ಬಿದ್ದರೆ ಕುಗ್ಗುತ್ತದೆ. ನೆನೆಸದೆ ಹೊಲಿದ ಬ್ಲೌಸ್ ಮೊದಲ ಸಲ ಒದ್ದೆಯಾದಾಗ ಒಳಗಿನದು ಕುಗ್ಗಿ, ಮೇಲಿನದು ಹಾಗೇ ಉಳಿದು, ಬೆನ್ನಲ್ಲಿ ಗುಳ್ಳೆ ಗುಳ್ಳೆ ಏಳುತ್ತದೆ. ರಾತ್ರಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಬೇಕು. ನೆನೆಸಿದಾಗ ಬಣ್ಣ ಬಿಡುತ್ತಾ ಅಂತಲೂ ಗೊತ್ತಾಗುತ್ತದೆ, ಮರೂನ್ ಮತ್ತು ಕಡು ನೀಲಿ ಲೈನಿಂಗ್‌ನಲ್ಲಿ ಇದು ಜಾಸ್ತಿ. ಮಳೆಗಾಲದಲ್ಲಿ ಒಣಗೋಕೇ ಎರಡು ದಿನ ಬೇಕಾಗಬಹುದು. ಟೈಲರ್‌ಗೆ "ನೆನೆಸಿದ್ದೀರಾ?" ಅಂತ ಬಾಯಿಬಿಟ್ಟು ಕೇಳಿ. ಅರ್ಜೆಂಟ್ ಅಂದಾಗ ಎಲ್ಲರೂ ಮೊದಲು ಬಿಡೋದು ಇದನ್ನೇ. ಸೀರೆಗೆ ಹಚ್ಚುವ ಹತ್ತಿ ಫಾಲ್ಸ್‌ಗೂ ಅದೇ ನಿಯಮ.

ಅಳತೆ ಮತ್ತು ಕತ್ತು

ಅಳತೆ ಬ್ಲೌಸ್ ತರುವುದಾದರೆ ಈಗ ಹಾಕಿಕೊಳ್ಳುತ್ತಿರುವುದನ್ನು ತನ್ನಿ, ಎರಡು ವರ್ಷದ ಹಿಂದೆ ಚೆನ್ನಾಗಿದ್ದದ್ದನ್ನಲ್ಲ. ಮತ್ತೆ ಅದರಲ್ಲಿ ಏನು ಸರಿಯಿಲ್ಲ ಅಂತಲೂ ಹೇಳಿ. ಹತ್ತಿ ಬ್ಲೌಸಿನ ಅಳತೆಗೆ ರೇಷ್ಮೆ ಹೊಲಿದರೆ ಬಿಗಿ ಅನ್ನಿಸಬಹುದು, ಹತ್ತಿ ತೊಟ್ಟು ತೊಟ್ಟು ಮೈಗೆ ಒಗ್ಗಿರುತ್ತದೆ.

ಕತ್ತಿನ ವಿಷಯದಲ್ಲಿ ಒಂದು ಮಾತು ನೆನಪಿಡಿ. ಹಿಂದೆಯೂ ಆಳ, ಮುಂದೆಯೂ ಅಗಲ ಎರಡೂ ಬೇಕೆಂದರೆ ಭುಜ ಜಾರುತ್ತದೆ, ಯಾವ ಟೈಲರ್ ಕೈಲೂ ತಡೆಯೋಕಾಗಲ್ಲ, ಹಿಡಿದುಕೊಳ್ಳೋಕೆ ಬಟ್ಟೆಯೇ ಇರಲ್ಲ. ಹಿಂದೆ ಒಂಬತ್ತು ಹತ್ತು ಇಂಚು ಇಳಿಸುವುದಾದರೆ ಮುಂದೆ ಕಿರಿದಾಗಿರಲಿ, ಮೇಲೆ ಒಂದು ಡೋರಿ ಇರಲಿ. ಪಾಟ್ ನೆಕ್‌ನಲ್ಲಿ ಮೇಲ್ಭಾಗ ಕಿರಿದಾಗಿ ಕೆಳಗೆ ದುಂಡಾಗಿ ಹರಡುತ್ತದೆ, ಹಾಗಾಗಿ ಆಳ ಇದ್ದರೂ ಭುಜ ನಿಲ್ಲುತ್ತದೆ. ನಮ್ಮ ಹಸಿರು ಸೀರೆಯವರಿಗೆ ಅದನ್ನೇ ಉಳಿಸಿಕೊಂಡೆವು. ಬೋಟ್ ನೆಕ್ ಇಷ್ಟಪಡುವವರು ಹಬ್ಬದ ದಿನ ಯಾವ ಸರ ಹಾಕುತ್ತೀರಿ ಅಂತ ಯೋಚಿಸಿ, ಕತ್ತು ಮುಚ್ಚಿದ ಬ್ಲೌಸ್ ಮೇಲೆ ಗಿಡ್ಡ ನೆಕ್ಲೇಸ್ ಬಟ್ಟೆ ಮೇಲೆ ಕೂರುತ್ತದೆ.

ಆರಿ ವರ್ಕ್ ಇದ್ದರೆ ಅಳತೆ ಇನ್ನೂ ಗಟ್ಟಿಯಾಗಿರಬೇಕು. ಯಾಕೆಂದರೆ ವರ್ಕ್ ಆಗೋದು ಹೊಲಿಯೋಕಿಂತ ಮುಂಚೆ. ಬಟ್ಟೆ ಮೇಲೆ ನಿಮ್ಮ ಕತ್ತು, ತೋಳು ಗುರುತು ಹಾಕಿ, ಅದನ್ನು ಫ್ರೇಮಿಗೆ ಬಿಗಿದು, ಆ ಗೆರೆಗುಂಟ ಸೂಜಿ ಓಡಿಸುತ್ತಾರೆ. ಆಮೇಲೆ ಕತ್ತು ಇನ್ನರ್ಧ ಇಂಚು ಇಳಿಸಿ ಅಂದರೆ ವರ್ಕ್ ಬಿಚ್ಚಬೇಕು, ಬಿಚ್ಚಿದ ಕಡೆ ಸೂಜಿ ತೂತು ಉಳಿಯುತ್ತದೆ. ಪಕ್ಕದ ಹೊಲಿಗೆ ಮಾತ್ರ ಬಿಗಿ ಸಡಿಲ ಮಾಡಬಹುದು. ಹಾಗಾಗಿ ಹೊಸ ಟೈಲರ್ ಹತ್ತಿರ ಮೊದಲ ಸಲವೇ ವರ್ಕ್ ಬ್ಲೌಸ್ ಕೊಡಬೇಡಿ. ಮೊದಲು ಒಂದು ಸಾದಾ ಹತ್ತಿ ಬ್ಲೌಸ್ ಹೊಲಿಸಿ, ತೊಟ್ಟು ನೋಡಿ, ಸರಿ ಬಂದರೆ ಆ ಅಳತೆಗೆ ವರ್ಕ್.

ಆ ಆರ್ಡರ್ ಹೀಗೆ ಹೋಯಿತು

ಗೌರಿ ಹಬ್ಬ 2025ರಲ್ಲಿ ಆಗಸ್ಟ್ 26ಕ್ಕೆ. ಹಸಿರು ಸೀರೆ ಬಂದದ್ದು ಆಗಸ್ಟ್ 4ಕ್ಕೆ, ವರಮಹಾಲಕ್ಷ್ಮಿಗೆ ನಾಲ್ಕು ದಿನ ಇರುವಾಗ. ಅವತ್ತೇ ಅಳತೆ ತಗೊಂಡು, ಪೀಸ್ ಬಿಡಿಸಿಕೊಂಡು, ಲೈನಿಂಗ್ ನೆನೆಸಿದೆವು. "ಎಂಟನೇ ತಾರೀಕಿನವರೆಗೆ ಮುಟ್ಟಲ್ಲ ಅಕ್ಕ" ಅಂತ ಮುಖಕ್ಕೇ ಹೇಳಿದೆ. ಒಂಬತ್ತರಂದು ಕತ್ತಿನ ಗುರುತು, ಹತ್ತರಿಂದ ಹದಿಮೂರರವರೆಗೆ ಫ್ರೇಮಿನ ಮೇಲೆ. ತೋಳಿಗೆ ಜರಿ ಅಂಚು ಬರೋದರಿಂದ ಅಲ್ಲಿ ವರ್ಕ್ ಬೇಡ ಅಂದೆ, ಕತ್ತಿಗೆ ಮಾತ್ರ ಒಂದು ಸಾಲು ಜರಿ, ಒಂದು ಸಾಲು ಮರೂನ್ ಮಣಿ. ಅವರು ಕೊನೆಗೆ ತೋಳಲ್ಲಿ ನಾಲ್ಕು ಸಣ್ಣ ಬುಟ್ಟಾ ಸೇರಿಸಿಕೊಂಡರು, ಸರಿ. ಹದಿನಾಲ್ಕಕ್ಕೆ ಕತ್ತರಿಸಿದ್ದು, ಹದಿನೈದು ರಜೆ, ಹದಿನಾರಕ್ಕೆ ಹೊಲಿಗೆ, ಹದಿನೆಂಟಕ್ಕೆ ಟ್ರಯಲ್. ಹೆಮ್ಮಿಂಗ್, ಹುಕ್, ಡೋರಿ ಮುಗಿದು ಇಪ್ಪತ್ತೊಂದಕ್ಕೆ ಕೈಗೆ.

ಈ ನಡುವೆ ಸೀರೆಗೆ ಫಾಲ್ಸ್, ಜಿಗ್‌ಜ್ಯಾಗ್, ಸೆರಗಿಗೆ ಕುಚ್ಚು ಬೇರೆ ಕೈಯಲ್ಲಿ ನಡೆಯುತ್ತಿತ್ತು. ಮಣಿ ಸೇರಿಸಿದ ಕ್ರೋಶಾ ಕುಚ್ಚಿಗೆ ಮೂರು ನಾಲ್ಕು ದಿನ ಬೇಕು, ಬ್ಲೌಸ್ ಆದ ಮೇಲೆ ಕುಚ್ಚಿಗೆ ಕೊಡೋಣ ಅಂದುಕೊಂಡರೆ ಅದೇ ತಡ. ಪೀಸ್ ಕತ್ತರಿಸಿದ ದಿನವೇ ಸೀರೆ ಆ ಕಡೆ ಹೋಗಲಿ.

ಹಬ್ಬಕ್ಕೆ ಐದು ದಿನ ಉಳಿಸಿದ್ದು ಸುಮ್ನೆ ಅಲ್ಲ. ಮಳೆಗೆ ಕರೆಂಟ್ ಹೋಗುತ್ತದೆ, ಟೈಲರ್‌ಗೆ ಜ್ವರ ಬರುತ್ತದೆ, ಪೈಪಿಂಗ್ ಬಣ್ಣ ಸಿಗಲ್ಲ. ಬಿಲ್ಲಿನಲ್ಲಿ ಡೆಲಿವರಿ ತಾರೀಕಿನ ಜೊತೆ ಟ್ರಯಲ್ ತಾರೀಕನ್ನೂ ಬರೆಸಿಕೊಳ್ಳಿ. ಹಬ್ಬದ ಹಿಂದಿನ ಸಂಜೆ ಕೊಡುತ್ತೇನೆ ಅನ್ನುವ ಅಂಗಡಿಯಲ್ಲಿ ಟ್ರಯಲ್ ಇಲ್ಲ ಅಂತಲೇ ಅರ್ಥ.

ಟ್ರಯಲ್‌ನಲ್ಲಿ ಏನು ನೋಡಬೇಕು

ಹಬ್ಬದ ದಿನ ಹಾಕುವ ಒಳಉಡುಪನ್ನೇ ಹಾಕಿಕೊಂಡು ಬನ್ನಿ, ಅದು ಬದಲಾದರೆ ಎದೆ ಭಾಗಕ್ಕೆ ಆಕಾರ ಕೊಡುವ ಟಕ್ಸ್ ಕೂರುವ ಜಾಗವೇ ಬದಲಾಗುತ್ತದೆ. ಹುಕ್ ಹಾಕಬೇಕಾದ ಜಾಗಗಳಲ್ಲಿ ಪಿನ್ ಚುಚ್ಚಿ ಕನ್ನಡಿ ಮುಂದೆ ನಿಲ್ಲಿಸುತ್ತೇವೆ. ಸುಮ್ಮನೆ ನಿಂತು ನೋಡಿದರೆ ಸಾಲದು. ಕೈ ಮೇಲೆತ್ತಿ, ಬಗ್ಗಿ, ಕೂತು ನೋಡಿ.

ಕೈ ಎತ್ತಿದಾಗ ಬ್ಲೌಸಿನ ಕೆಳಗಿನ ಪಟ್ಟಿ ಪೂರ್ತಿ ಮೇಲೇರಿದರೆ ಕಂಕುಳ ಸುತ್ತು ತೀರಾ ಕೆಳಗೆ ಇಳಿದಿದೆ ಅಂತ. ಜನ ಇದನ್ನು ಬಿಗಿ ಅಂದುಕೊಂಡು ಕಂಕುಳು ಇನ್ನೂ ಕತ್ತರಿಸಿ ಅನ್ನುತ್ತಾರೆ, ಹಾಗೆ ಮಾಡಿದರೆ ಇನ್ನೂ ಕೆಡುತ್ತದೆ. ಕತ್ತರಿಸಿದ್ದನ್ನು ಮೇಲೆ ತರೋಕಾಗಲ್ಲ, ಭುಜದ ಹೊಲಿಗೆ ಸ್ವಲ್ಪ ಎತ್ತಿ ಒಂದಷ್ಟು ಸರಿ ಮಾಡಬಹುದು, ಕತ್ತೂ ಅಷ್ಟು ಮೇಲೇರುತ್ತದೆ. ವರ್ಕ್ ಬ್ಲೌಸ್‌ನಲ್ಲಿ ಅದಕ್ಕೂ ಜಾಗ ಕಡಿಮೆ. ಹುಕ್ಕುಗಳ ನಡುವೆ ಬಾಯಿ ಬಿಟ್ಟರೆ ಎದೆ ಬಿಗಿ, ಪಕ್ಕದ ಹೊಲಿಗೆ ಬಿಚ್ಚಿ ಸಡಿಲಿಸಬೇಕು. ಕಂಕುಳಿಂದ ಎದೆ ಕಡೆಗೆ ಓರೆ ಸುಕ್ಕು ಬಂದರೆ ಟಕ್ಸ್ ಜಾಗ ತಪ್ಪಿದೆ.

ಒಳಗೆ ತಿರುಗಿಸಿಯೂ ನೋಡಿ. ಪಕ್ಕದಲ್ಲಿ ಕನಿಷ್ಠ ಒಂದು ಇಂಚು ಬಟ್ಟೆ ಬಿಟ್ಟಿರಬೇಕು, ಎರಡು ಸಾಲು ಹೊಲಿಗೆ ಇರಬೇಕು, ಮುಂದೆ ದಪ್ಪ ಆದರೆ ಒಂದು ಸಾಲು ಬಿಚ್ಚಿಕೊಂಡರಾಯಿತು. ಹಸಿರು ಸೀರೆಯವರ ಪೀಸಿನಲ್ಲಿ ಅಷ್ಟು ಬಟ್ಟೆ ಇರಲಿಲ್ಲ, ಮುಕ್ಕಾಲು ಇಂಚು ಮಾತ್ರ ಬಿಡೋಕಾಯಿತು, ಅದನ್ನೂ ಅವರಿಗೆ ಮೊದಲೇ ಹೇಳಿದ್ದೆ.

ವರ್ಕ್ ಬ್ಲೌಸ್ ಮನೆಯಲ್ಲಿ ಒಗೆಯಬೇಡಿ, ಡ್ರೈ ಕ್ಲೀನಿಂಗ್‌ಗೆ ಮಾತ್ರ. ಉಟ್ಟ ದಿನ ಬೆವರಿದ್ದರೆ ಒಳಭಾಗ ಹೊರಗೆ ಮಾಡಿ ಗಾಳಿಗೆ ಹರವಿ, ಪೂರ್ತಿ ಒಣಗಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟರೆ ಜರಿ ಕಪ್ಪಾಗುತ್ತದೆ. ದಸರಾಕ್ಕೆ ಬೇಕಿರುವ ಬ್ಲೌಸ್‌ಗಳನ್ನು ಗಣಪತಿ ಬಿಟ್ಟ ವಾರದೊಳಗೆ ತಂದುಕೊಡಿ, ಆರಿ ವರ್ಕ್ ಇದ್ದರೆ ಅದಕ್ಕೂ ಮುಂಚೆ.